ಮದುಮಗಳ ಮೇಕಪ್ಪು: ಮಲ್ಟಿಪ್ಲೈ ಹೇಳುವ ಸಿಹಿ ಸುಳ್ಳು

ಮೇಕಪ್ಪಿನ ಬಗ್ಗೆ ನಾನು ಬರೆಯುವುದಾ ಅಂತ ನಗಬೇಡಿ :-) ಇದು ಮೇಕಪ್ಪಿಗಿಂತ ಜಾಸ್ತಿ ಲೇಯರ್‌ಗಳ ಬಗೆಗಿನ ತಕರಾರು. ಮದುಮಗಳ ಬರಿ ಮುಖದ ಫೋಟೋ ತೆಗೆದು, ಅದರ ಮೇಲೆ ಫೌಂಡೇಶನ್, ಬ್ಲಷ್, ಕಾಂಟೂರ್, ಕಾಡಿಗೆ ಅಂತ ಒಂದೊಂದೇ ಪದರ ಏರಿಸಿ "ಮುಹೂರ್ತದ ದಿನ ನೀವು ಹೀಗೆ ಕಾಣ್ತೀರ" ಎಂದು ತೋರಿಸುವ ಪದ್ಧತಿ ಈಗ ಎಲ್ಲಾ ಕಡೆ ಇದೆ. ಅದರಲ್ಲಿ ಬಹುಪಾಲು ಸುಳ್ಳು ಎನ್ನುವುದು ನನ್ನ ವಾದ. ಆ ಸುಳ್ಳು ಎಲ್ಲಿ ಹುಟ್ಟುತ್ತದೆ ಎಂದು ಬೆರಳಿಟ್ಟು ತೋರಿಸಬಹುದು, ಸರಿ ಮಾಡಲೂಬಹುದು ಎನ್ನುವುದು ವಾದದ ಇನ್ನರ್ಧ.

ನನ್ನ ಚಿಕ್ಕಮ್ಮನ ಮಗಳ ಮದುವೆ ಗೊತ್ತಾಗಿದೆ. ಹಾಸನದಲ್ಲಿ, ಬೇಸಿಗೆಯಲ್ಲಿ. ಬ್ಯೂಟಿ ಪಾರ್ಲರಿನವರು ಅವಳ ಫೋಟೋ ತೆಗೆದು ಇಂಥದ್ದೇ ಒಂದು ಚಿತ್ರ ಮಾಡಿ ಕಳಿಸಿದ್ದರು. ಅವಳು ಅದನ್ನು ನನಗೆ ಕಳಿಸಿ, "ಅಣ್ಣಾ, ಇದ್ರಲ್ಲಿ ಚೆನ್ನಾಗಿದೀನಿ. ಆದ್ರೆ ಇದು ನಾನಲ್ಲ ಅನ್ಸತ್ತೆ, ಅಲ್ವಾ?" ಅಂದಳು. ಅವಳದು ಗೋಧಿಗಿಂತ ಒಂದು ಕೈ ಹೆಚ್ಚೇ ಕಂದು ಬಣ್ಣ. ಚಿತ್ರದಲ್ಲಿದ್ದವಳದು ಹಾಲು-ಕೇಸರಿ. ಚಿತ್ರವನ್ನು ದೊಡ್ಡದು ಮಾಡಿ ನೋಡಿದರೆ ಕಣ್ಣಿನ ಬಿಳಿ ಭಾಗ, ಹಲ್ಲು, ಹಿಂದಿನ ಗೋಡೆ ಎಲ್ಲಾ ಮೊದಲಿನಷ್ಟೇ ಇವೆ. ಚರ್ಮ ಮಾತ್ರ ಬೆಳಗಾಗಿದೆ, ಅದೂ ದವಡೆಯ ಗೆರೆವರೆಗೆ. ಅಂದರೆ ಇದು ಬೆಳಕಿನ ವ್ಯತ್ಯಾಸವಲ್ಲ, ಯಾರೋ ಬೇಕಂತಲೇ ಏರಿಸಿದ್ದು. ಇಂಥ ಚಿತ್ರ ಸಿಕ್ಕಾಗ ಮೊದಲು ನೋಡಬೇಕಾದ್ದು ಇದನ್ನೇ. ಎಲ್ಲವೂ ಒಟ್ಟಿಗೆ ಬೆಳಗಾಗಿದ್ದರೆ ಅದು ಬರಿ ಬ್ರೈಟ್‌ನೆಸ್. ಚರ್ಮವೊಂದೇ ಆಗಿದ್ದರೆ ಅದು ಮಾರಾಟ.

ಸರಿ, ನಾನೇ ಒಂದು ಮಾಡಿಕೊಡ್ತೀನಿ ಅಂತ ಕೂತೆ. ಗಿಂಪ್ ಸಾಕು, ಪುಕ್ಕಟೆ ಸಿಗುತ್ತದೆ.

ಮೊದಲು ಫೋಟೋ. ಬೆಳಿಗ್ಗೆ ಹೊತ್ತು, ನೇರ ಬಿಸಿಲು ಬೀಳದ ಕಿಟಕಿಗೆ ಮುಖ ಮಾಡಿ ಕೂರಿಸಿ, ಫ್ಲಾಷ್ ಆರಿಸಿ, ಫೋನಿನ ಬ್ಯೂಟಿ ಮೋಡ್ ತೆಗೆದು, ಕತ್ತಿನ ಹತ್ತಿರ ಒಂದು ಬಿಳಿ ಕಾಗದ ಹಿಡಿಸಿ ತೆಗೆಯಬೇಕು. ಕಾಗದದಲ್ಲಿ ಕೆಂಪು, ಹಸಿರು, ನೀಲಿ ಮೂರೂ ಸಮ ಬರುವ ಹಾಗೆ ಬಣ್ಣ ಸರಿಪಡಿಸಿದರೆ ಮಾತ್ರ ಚರ್ಮದ ಅಂಕಿಗಳಿಗೆ ಬೆಲೆ. ಕತ್ತು ಚೌಕಟ್ಟಿನೊಳಗೆ ಇರಲೇಬೇಕು. ಕತ್ತಿಲ್ಲದ ಪ್ರಿವ್ಯೂ ಅಂದರೆ ಸಾಕ್ಷಿಯಿಲ್ಲದ ಕರಾರು.

ಅವಳ ಫೋಟೋದಲ್ಲಿ ಬಂದ ಅಂಕಿ ಇವು: ಕೆನ್ನೆ (172, 124, 96), ಕಣ್ಣ ಕೆಳಗಿನ ಕಪ್ಪು (130, 90, 78), ಕತ್ತು (160, 112, 84). ಮುಂದೆ ಹೇಳುವುದೆಲ್ಲಾ ಈ ಮೂರು ಅಂಕಿಗಳ ಮೇಲೇ ನಿಂತಿದೆ.

ಈಗ ಅಸಲಿ ವಿಷಯ. ಲೇಯರ್ ಅಂದರೆ ಬಣ್ಣ, ಅಪಾರದರ್ಶಕತೆ, ಮತ್ತು ಕೆಳಗಿನ ಬಣ್ಣದ ಜೊತೆ ಬೆರೆಯುವ ರೀತಿ. ಮೂರನೆಯದನ್ನು ಮೋಡ್ ಅನ್ನುತ್ತಾರೆ. `Normal` ಮೋಡಿನಲ್ಲಿ ಮೇಲಿನ ಬಣ್ಣ ಕೆಳಗಿನದನ್ನು ಅಷ್ಟರಮಟ್ಟಿಗೆ ಮುಚ್ಚುತ್ತದೆ, ಗೋಡೆಗೆ ಡಿಸ್ಟೆಂಪರ್ ಹೊಡೆದ ಹಾಗೆ. `Multiply` ಮೋಡಿನಲ್ಲಿ ಮೇಲಿನದು ಬಣ್ಣದ ಗಾಜಿನಂತೆ ಕೆಲಸ ಮಾಡುತ್ತದೆ, ಕೆಳಗಿನ ಬೆಳಕನ್ನು ಸೋಸಿ ಬಿಡುತ್ತದೆ. ಇಂಟರ್ನೆಟ್ಟಿನಲ್ಲಿ ಸಿಗುವ ಹೆಚ್ಚಿನ ಪಾಠಗಳು ಬ್ಲಷ್‌ಗೆ `Multiply`, ಫೌಂಡೇಶನ್‌ಗೆ `Soft light` ಅಂತ ಹೇಳಿಕೊಡುತ್ತವೆ. ಯಾಕೆ? ಚೆನ್ನಾಗಿ ಕಾಣುತ್ತೆ ಅಂತ. ಚಿತ್ರ ಚೆನ್ನಾಗಿ ಕಾಣಬೇಕು ಎನ್ನುವವರಿಗೆ ಅದು ಸರಿಯೇ. ಇವಳು ಡಬ್ಬಿ ಕೊಂಡು ಮುಖಕ್ಕೆ ಹಚ್ಚಿಕೊಂಡಾಗ ಏನಾಗುತ್ತೆ ಅಂತ ಗೊತ್ತಾಗಬೇಕಾದವರಿಗೆ ಅದರಿಂದ ಪ್ರಯೋಜನವಿಲ್ಲ.

ಫೌಂಡೇಶನ್ ಆಗಲಿ, ಬ್ಲಷ್ ಪುಡಿಯಾಗಲಿ ಗಾಜಿನ ಥರ ಇರುವುದಿಲ್ಲ. ಅವುಗಳಲ್ಲಿ ಟೈಟಾನಿಯಂ ಡೈಆಕ್ಸೈಡ್ ಎಂಬ ಬಿಳಿ ಪುಡಿ ಇರುತ್ತದೆ, ಐರನ್ ಆಕ್ಸೈಡಿನ ಕೆಂಪು-ಹಳದಿ-ಕಪ್ಪು ಇರುತ್ತವೆ. ಬಿಳಿ ಪುಡಿ ಬೆಳಕನ್ನು ಚರ್ಮದವರೆಗೆ ಹೋಗಗೊಡದೆ ಅರ್ಧದಲ್ಲೇ ಚೆಲ್ಲಾಪಿಲ್ಲಿ ಮಾಡಿ ವಾಪಸ್ ಕಳಿಸುತ್ತದೆ. ಬಣ್ಣದ ಪದರವೊಂದು ಬೆಳಕನ್ನು ಎಷ್ಟು ನುಂಗುತ್ತದೆ, ಎಷ್ಟು ಚೆದುರಿಸುತ್ತದೆ ಎನ್ನುವ ಈ ಲೆಕ್ಕವನ್ನು ಕುಬೆಲ್ಕಾ ಮತ್ತು ಮುಂಕ್ ಎಂಬಿಬ್ಬರು 1931ರಲ್ಲೇ ಬರೆದಿಟ್ಟಿದ್ದಾರೆ. ಪೇಂಟಿನವರು ಇವತ್ತಿಗೂ ಅದನ್ನೇ ಬಳಸುತ್ತಾರೆ. ಅಷ್ಟು ಆಳಕ್ಕೆ ನಾವು ಇಳಿಯಬೇಕಿಲ್ಲ. ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಪುಡಿಯನ್ನು ಬೆರಳಲ್ಲಿ ತೆಗೆದು ಕಪ್ಪು ಕಾಗದದ ಮೇಲೆ ಎಳೆಯಿರಿ. ಎದ್ದು ಕಂಡರೆ ಅದು ಮುಚ್ಚುವ ಜಾತಿ, `Normal` ಹಾಕಿ. ಕಾಣದೇ ಹೋದರೆ ಸೋಸುವ ಜಾತಿ, `Multiply` ಹಾಕಿ. ತಂಗಿ ಕೊಂಡಿದ್ದ ತಿಳಿ ಗುಲಾಬಿ ಬ್ಲಷ್ ಕಪ್ಪು ಕಾಗದದ ಮೇಲೆ ರಂಗೋಲಿ ಪುಡಿಯ ಹಾಗೆ ಹೊಳೆಯಿತು.

ಇದರಿಂದ ಎಷ್ಟು ವ್ಯತ್ಯಾಸ ಆಗುತ್ತದೆ ಅಂತ ಒಂದೇ ಒಂದು ಲೆಕ್ಕ ಮಾಡಿ ನೋಡೋಣ. ಫೌಂಡೇಶನ್ ಆದ ಮೇಲೆ ಅವಳ ಕೆನ್ನೆ (174, 126, 97) ಎಂದಿಟ್ಟುಕೊಳ್ಳಿ. ಹೇಗೆ ಬಂತು ಅಂತ ಆಮೇಲೆ ಹೇಳ್ತೀನಿ. ತಿಳಿ ಗುಲಾಬಿ (244, 184, 190). ಅಪಾರದರ್ಶಕತೆ ಶೇ. 30.

```
Multiply, 30%, pink  (244,184,190) -> (172,115, 90)
Normal,   30%, pink  (244,184,190) -> (195,143,125)
Normal,   30%, brick (178, 74, 60) -> (175,110, 86)
```

ಮೊದಲ ಸಾಲು ನೋಡಿ. ಹಸಿರು, ನೀಲಿ ಎರಡೂ ಇಳಿದು ಕೆಂಪು ಹೆಚ್ಚುಕಡಿಮೆ ಹಾಗೇ ನಿಂತಿದೆ. ನಾಚಿಕೆಯಾದಾಗ ಕಂದು ಕೆನ್ನೆ ಹೀಗೇ ಕೆಂಪಾಗುವುದು. ಪಾರ್ಲರಿನ ಚಿತ್ರದಲ್ಲಿದ್ದದ್ದೂ ಹೀಗೇ. ಎರಡನೇ ಸಾಲು ಅದೇ ಪುಡಿ, ಅದೇ ಕೆನ್ನೆ, ಆದರೆ ಪುಡಿ ನಿಜವಾಗಿ ನಡೆದುಕೊಳ್ಳುವ ರೀತಿಯಲ್ಲಿ. ಮೂರೂ ಅಂಕಿ ಏರಿವೆ, ಅದರಲ್ಲೂ ನೀಲಿ 97ರಿಂದ 125ಕ್ಕೆ. ಕಣ್ಣಿಗೆ ಇದು ಕೆಂಪಾಗಿ ಕಾಣುವುದೇ ಇಲ್ಲ, ಬೂದಿ ಬಳಿದಂತೆ ಕಾಣುತ್ತದೆ. ಕಂದು ಬಣ್ಣದ ಹುಡುಗಿಯರು "ನನಗೆ ಬ್ಲಷ್ ಒಪ್ಪಲ್ಲ" ಅಂತ ಹೇಳುವುದನ್ನು ಕೇಳಿರುತ್ತೀರಿ. ಒಪ್ಪದೇ ಇರುವುದು ಆ ಬಿಳಿ ಪುಡಿ ಅಷ್ಟೇ.

ಈಗ ಮೂರನೇ ಸಾಲು. ಡಬ್ಬಿಯಲ್ಲಿ ನೋಡಿದರೆ ಹೆದರಿಕೆಯಾಗುವಂಥ ಗಾಢ ಇಟ್ಟಿಗೆ ಬಣ್ಣ. `Normal` ಮೋಡಿನಲ್ಲೇ ಹಚ್ಚಿದೆ. ಬಂದ ಫಲ ಮೊದಲ ಸಾಲಿನ ಪಕ್ಕದ ಮನೆ! ಅಂದರೆ ತಿಳಿ ಗುಲಾಬಿಯ ಹೆಸರಿನಲ್ಲಿ ಪರದೆ ಯಾವ ಕೆನ್ನೆಯನ್ನು ತೋರಿಸಿತ್ತೋ, ಆ ಕೆನ್ನೆ ಬೇಕಿದ್ದರೆ ಕೊಳ್ಳಬೇಕಾದ್ದು ಇಟ್ಟಿಗೆ ಬಣ್ಣವನ್ನು. `Multiply` ತಪ್ಪು ಡಬ್ಬಿ ಕೊಳ್ಳಿಸುತ್ತದೆ. ನನ್ನ ತಕರಾರಿನ ತಿರುಳು ಇಷ್ಟೇ.

(ಈ ಲೆಕ್ಕ 0-255 ಅಂಕಿಗಳ ಮೇಲೆ ನೇರ ಮಾಡಿದ್ದು. ಈಗಿನ ಗಿಂಪ್ ಕೆಲವು ಮೋಡ್‌ಗಳನ್ನು ಲೀನಿಯರ್ ಬೆಳಕಿನಲ್ಲಿ ಬೆರೆಸುವುದರಿಂದ ನಿಮಗೆ ಅಂಕಿ ಸ್ವಲ್ಪ ಆಚೀಚೆ ಬರಬಹುದು. ದಿಕ್ಕು ಬದಲಾಗುವುದಿಲ್ಲ.)

ಫೌಂಡೇಶನ್ನಿಗೆ ವಾಪಸ್ ಬರೋಣ. `Normal` ಮೋಡಿನಲ್ಲಿ ಒಂದು ಸೊಗಸಿದೆ. ಶೇ. 60 ಅಪಾರದರ್ಶಕತೆ ಇಟ್ಟರೆ ಚರ್ಮದ ಏರುಪೇರೆಲ್ಲಾ ಸರಿಯಾಗಿ ಶೇ. 40ಕ್ಕೆ ಇಳಿಯುತ್ತದೆ. ಕೆನ್ನೆಗೂ ಕಣ್ಣ ಕೆಳಗಿನ ಕಪ್ಪಿಗೂ ಕೆಂಪಿನಲ್ಲಿ 42 ಅಂತರವಿತ್ತು. ಅವಳ ಬಣ್ಣಕ್ಕೆ ಹೊಂದುವ (176, 128, 98) ಹಚ್ಚಿದ ಮೇಲೆ ಕೆನ್ನೆ (174, 126, 97), ಕಣ್ಣ ಕೆಳಗೆ (158, 113, 90). ಅಂತರ 17ರ ಹತ್ತಿರ. ಅಂಗಡಿಯವರು ಕವರೇಜ್ ಅನ್ನುವುದು ಇದನ್ನೇ. ಈ 60 ನಾನು ಬಾಯಿಗೆ ಬಂದದ್ದು ಹೇಳಿದ್ದಲ್ಲ. ಟ್ರಯಲ್ ದಿನ ಅವಳ ಕಣ್ಣ ಕೆಳಗೆ ಹಚ್ಚಿದ್ದನ್ನು ಅದೇ ಕಿಟಕಿ, ಅದೇ ಕಾಗದ ಇಟ್ಟು ಫೋಟೋ ತೆಗೆಸಿಕೊಂಡೆ. ಬರಿ ಚರ್ಮ 130, ಡಬ್ಬಿಯಿಂದ ದಪ್ಪಗೆ ಬಳಿದದ್ದು 176, ಹಚ್ಚಿ ಒರೆಸಿ ಹೊಂದಿಸಿದ ಮೇಲೆ 158. ಹಾಗಾಗಿ,

```
(158 - 130) / (176 - 130) = 0.61
```

ಒಂದು ಸಲ ಈ ಸಂಖ್ಯೆ ಸಿಕ್ಕರೆ ಆ ಕಂಪನಿಯ ಬೇರೆ ಶೇಡ್‌ಗಳನ್ನು ಮುಖಕ್ಕೆ ಹಚ್ಚದೆಯೇ ನೋಡಬಹುದು. ಪ್ರಿವ್ಯೂನ ನಿಜವಾದ ಉಪಯೋಗ ಇದೇ. ಪಾರ್ಲರಿನವರು ಒತ್ತಾಯ ಮಾಡುತ್ತಿದ್ದ ಎರಡು ಶೇಡ್ ತಿಳಿಯದ್ದನ್ನೂ, ಅಂದರೆ (222, 184, 155) ಇದನ್ನೂ ಹಾಗೇ ಹಾಕಿ ನೋಡಿದೆ. ಕೆನ್ನೆ (202, 160, 131) ಆಯಿತು. ಕತ್ತು ಅಲ್ಲೇ (160, 112, 84) ಇದೆ! ಮೂರೂ ಅಂಕಿಗಳಲ್ಲಿ ನಲವತ್ತಕ್ಕೂ ಹೆಚ್ಚು ವ್ಯತ್ಯಾಸ. ದವಡೆಯ ಕೆಳಗೆ ಗೆರೆ ಎಳೆದ ಹಾಗೆ, ಯಕ್ಷಗಾನದವರು ಅರ್ಧ ಬಣ್ಣ ಹಚ್ಚಿಕೊಂಡು ಎದ್ದು ಬಂದ ಹಾಗೆ ಕಾಣುತ್ತಿತ್ತು. ತೋರಿಸಿದಾಗ ಚಿಕ್ಕಮ್ಮ "ಹಂಗಾದ್ರೆ ಕತ್ತಿಗೂ ಹಚ್ಚಿಸಿದ್ರಾಯ್ತು ಬಿಡು" ಅಂದರು. ಕತ್ತಿಗೆ ಹಚ್ಚಿದರೆ ಕೈ ಉಳಿಯುತ್ತದೆ. ಧಾರೆ ಎರೆಯುವಾಗ ಎಲ್ಲಾ ಕ್ಯಾಮೆರಾಗಳೂ ಹಿಡಿಯುವುದು ಕೈಯನ್ನೇ. ಎಷ್ಟು ದೂರ ಅಂತ ಹಚ್ಚುತ್ತಾ ಹೋಗುತ್ತೀರಿ?

2020ರಲ್ಲಿ ಒಂದು ಪ್ರಸಿದ್ಧ ಕ್ರೀಮು ತನ್ನ ಹೆಸರಿನಿಂದ "ಫೇರ್" ಪದ ತೆಗೆದು "ಗ್ಲೋ" ಸೇರಿಸಿಕೊಂಡಿತು. ಪದ ಹೋಯಿತು, ಚಾಳಿ ಹೋಗಲಿಲ್ಲ. ಈಗ ಅದು ಸ್ಲೈಡರ್ ಆಗಿ ಬಂದಿದೆ. ಬೆಳ್ಳಗಾಗಬೇಕಾ ಅಂತ ಹುಡುಗಿಯನ್ನು ಯಾರೂ ಕೇಳುವುದಿಲ್ಲ, ಚಿತ್ರದಲ್ಲಿ ಮಾಡಿಯೇ ತೋರಿಸುತ್ತಾರೆ. ಆಮೇಲೆ ಅವಳ ಸ್ವಂತ ಮುಖವೇ ಅವಳಿಗೆ "ಬಿಫೋರ್" ಆಗಿ ಕಾಣಲು ಶುರುವಾಗುತ್ತದೆ.

ಇನ್ನೊಂದು ಸುಳ್ಳು ಇನ್ನೂ ನಯವಾದದ್ದು, ಅಕ್ಷರಶಃ. `Normal` ಲೇಯರ್ ಬಣ್ಣದ ಏರುಪೇರನ್ನು ಇಳಿಸುವಾಗ ಚರ್ಮದ ರಂಧ್ರ, ಮೊಡವೆಯ ಉಬ್ಬು, ಸಣ್ಣ ಕೂದಲು ಎಲ್ಲವನ್ನೂ ಜೊತೆಗೇ ಅಳಿಸುತ್ತದೆ. ನಿಜವಾದ ಫೌಂಡೇಶನ್ನಿಗೆ ಅದು ಸಾಧ್ಯವಿಲ್ಲ. ಮೊಡವೆಯ ಕೆಂಪು ಮುಚ್ಚಬಹುದು, ಅದರ ಉಬ್ಬಿನ ನೆರಳನ್ನು ಮುಚ್ಚಲಾಗದು. ಒಣ ಚರ್ಮವಾದರೆ ಪುಡಿ ಸಿಪ್ಪೆಗಳಿಗೆ ಅಂಟಿ ಇನ್ನೂ ಎದ್ದು ಕಾಣುತ್ತದೆ. ಹಾಗಾಗಿ ಬಣ್ಣವನ್ನೂ ಮೇಲ್ಮೈಯನ್ನೂ ಬೇರೆ ಮಾಡಿಟ್ಟುಕೊಳ್ಳಬೇಕು. ಮೂಲ ಚಿತ್ರದ ಒಂದು ನಕಲು ಮಾಡಿ `Gaussian Blur` ಕೊಡಿ. ಮುಖ ಸುಮಾರು 1500 ಪಿಕ್ಸೆಲ್ ಅಗಲವಿದ್ದರೆ 10ರ ಆಸುಪಾಸು ಸಾಕು, ರಂಧ್ರಗಳು ಮಾಯವಾಗಿ ಕೆನ್ನೆಯ ಆಕಾರ ಉಳಿದರೆ ಸರಿ. ಆ ನಕಲಿನ ಮೋಡನ್ನು `Grain extract` ಮಾಡಿ, `New from Visible` ಒತ್ತಿ, ಬಂದ ಬೂದು ಲೇಯರನ್ನು ಎಲ್ಲಕ್ಕಿಂತ ಮೇಲಿಟ್ಟು `Grain merge` ಮಾಡಿ. ಮಸುಕಾದ ನಕಲನ್ನು ವಾಪಸ್ `Normal`ಗೆ ತನ್ನಿ. ಈಗ ಚಿತ್ರ ಮೂಲದಂತೆಯೇ ಕಾಣಬೇಕು. ಕಾಣದಿದ್ದರೆ ಎಲ್ಲೋ ಮೋಡ್ ತಪ್ಪಿದೆ. ಫೌಂಡೇಶನ್, ಬ್ಲಷ್, ಕಾಂಟೂರ್ ಮೂರೂ ಈ ಎರಡರ ಮಧ್ಯೆ ಕೂರುತ್ತವೆ. ಮುಖ ನಯವಾಗುವುದಿಲ್ಲ, ಬಣ್ಣವಷ್ಟೇ ಸಮವಾಗುತ್ತದೆ. ಮೊದಲ ಸಲ ನೋಡಿದವರಿಗೆ ಸ್ವಲ್ಪ ನಿರಾಸೆಯಾಗುತ್ತದೆ. ಆಗಲಿ, ಕನ್ನಡಿಯೂ ಅದನ್ನೇ ತೋರಿಸುವುದು.

ಕೊನೆಗೆ ನನ್ನ ಫೈಲಿನ ಪದರಗಳು ಮೇಲಿನಿಂದ ಕೆಳಕ್ಕೆ ಹೀಗಿದ್ದವು:

```
Kajal       Normal       85
Texture     Grain merge 100
Contour     Normal       20
Blush       Normal       30
Foundation  Normal       60
Arishina    Multiply     15
Blur        Normal      100
```

ಅರಿಶಿನ ಎಲ್ಲಿಂದ ಬಂತು ಅಂದಿರಾ? ಮದುವೆಯ ಹಿಂದಿನ ದಿನ ಅರಿಶಿನ ಹಚ್ಚುವ ಶಾಸ್ತ್ರ ಇರುತ್ತದಲ್ಲ. ತಿಂಗಳ ಮುಂಚೆ ತೆಗೆದ ಫೋಟೋದಲ್ಲಿ ಅದು ಇರುವುದಿಲ್ಲ. ಮುಹೂರ್ತದ ಬೆಳಗಿನ ಮುಖದಲ್ಲಿ ಇರುತ್ತದೆ, ಎಷ್ಟು ತೊಳೆದರೂ ಕೂದಲಂಚಿನಲ್ಲಿ, ಹುಬ್ಬಿನ ಸುತ್ತ ಉಳಿಯುತ್ತದೆ. ಈ ಕಲೆ ಮುಚ್ಚುವ ಜಾತಿಯದಲ್ಲ, ಚರ್ಮಕ್ಕೆ ಇಳಿದು ಬೆಳಕನ್ನು ಸೋಸುವ ಬಣ್ಣ. ಇಡೀ ಪಟ್ಟಿಯಲ್ಲಿ `Multiply`ಗೆ ನಿಜವಾಗಿ ಅರ್ಹವಾದದ್ದು ನಮ್ಮ ಅರಿಶಿನ ಒಂದೇ :-) ಅದಕ್ಕೇ ಅದು ಫೌಂಡೇಶನ್ನಿನ ಕೆಳಗೆ. ಅಂದಹಾಗೆ ಅರಿಶಿನದ ಕಲೆಗೆ ಸೋಪು ಉಜ್ಜಿದರೆ ಕ್ಷಾರಕ್ಕೆ ಅದು ಕೆಂಪಿಗೆ ತಿರುಗುತ್ತದೆ. ಅರಿಶಿನಕ್ಕೆ ಸುಣ್ಣ ಬೆರೆಸಿ ಕುಂಕುಮ ಮಾಡುವುದೂ ಅದೇ ಗುಣದಿಂದ. ಹಾಗಾಗಿ ಆ ಲೇಯರನ್ನು ಒಮ್ಮೆ ಹಳದಿಯಾಗಿ, ಒಮ್ಮೆ ಸ್ವಲ್ಪ ಕೆಂಪಾಗಿ ಎರಡು ಥರ ಮಾಡಿಟ್ಟೆ. ಶೇ. 60ರ ಫೌಂಡೇಶನ್ ಎರಡನ್ನೂ ಪೂರ್ತಿ ಮುಚ್ಚಲಿಲ್ಲ. ಶಾಸ್ತ್ರಕ್ಕೆ ಕೆನ್ನೆಗೆ ಒಂದು ಬೊಟ್ಟು ಮುಟ್ಟಿಸಿ, ಉಳಿದದ್ದನ್ನು ಕೈಕಾಲಿಗೆ ಹಚ್ಚಿ ಅಂತ ಅತ್ತೆಯಂದಿರಿಗೆ ಹೇಳಬೇಕಾದ್ದು ಈಗ ಅವಳ ಪಾಲಿನ ಕೆಲಸ. ನನಗೆ ಆ ಧೈರ್ಯ ಇಲ್ಲ.

ಕಾಂಟೂರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ನೆರಳಿನ ನಕಲು, ಆದ್ದರಿಂದ ಬಣ್ಣವನ್ನು ಅವಳದೇ ನೆರಳಿನಿಂದ ತೆಗೆದುಕೊಳ್ಳಬೇಕು. ಗದ್ದದ ಕೆಳಗೆ ಪಿಕ್ಕರ್ ಒತ್ತಿದರೆ (112, 76, 58) ಬಂತು, ಅದೇ ಸಾಕು. ಅದಕ್ಕಿಂತ ಕಿತ್ತಳೆಗೆ ವಾಲಿದರೆ ನೆರಳಿನಂತೆ ಕಾಣದೆ ಬಿಸಿಲಿಗೆ ಸುಟ್ಟಂತೆ ಕಾಣುತ್ತದೆ. ಹಣೆಗೆ ಕಾಂಟೂರ್ ಹಾಕಲು ಹೊರಟ ಪಾರ್ಲರಿನವರಿಗೆ ಒಂದು ಮಾತು: ಬೈತಲೆ ಬೊಟ್ಟು, ಬಾಸಿಂಗ, ಅದರ ಮೇಲೆ ಮೊಗ್ಗಿನ ಜಡೆಯ ಹೂವು, ಇಷ್ಟು ಕೂತ ಮೇಲೆ ಉಳಿಯುವ ಹಣೆ ಎಷ್ಟು? ಮುಖ ಸಿದ್ಧ ಮಾಡಿದ ಮೇಲೆ ಒಡವೆಯ ಫೋಟೋಗಳನ್ನು ಕತ್ತರಿಸಿ ಮೇಲಿಟ್ಟು ನೋಡಿದರೆ ಅರ್ಧ ಕಾಂಟೂರು ಬೇಡವೇ ಬೇಡ ಅನ್ನಿಸುತ್ತದೆ.

ಕಾಡಿಗೆ ಬಗ್ಗೆ ಮಾತ್ರ ಸ್ವಲ್ಪ ಜಾಸ್ತಿ ಹೇಳಬೇಕು. ಕಾಡಿಗೆಗೆ (0, 0, 0) ಹಾಕಿದರೆ ಫೋಟೋದಲ್ಲಿ ತೂತು ಬಿದ್ದಂತೆ ಕಾಣುತ್ತದೆ, ಯಾಕೆಂದರೆ ಆ ಫೋಟೋದಲ್ಲಿ ಅಷ್ಟು ಕಪ್ಪಾದದ್ದು ಬೇರೇನೂ ಇಲ್ಲ. ಅವಳ ಕಣ್ಣುಗುಡ್ಡೆಯ ನಡುವಿನ ಕಪ್ಪನ್ನು ಆರಿಸಿಕೊಂಡೆ, (28, 22, 22) ಬಂತು. ರೆಪ್ಪೆಯ ಅಂಚಿನುದ್ದಕ್ಕೂ ಎಳೆದು, ಅಂಚನ್ನು ಒಂದೆರಡು ಪಿಕ್ಸೆಲ್ ಮಸುಕು ಮಾಡಿ, ಕಣ್ಣಿನ ಹೊಳಪಿನ ಚುಕ್ಕೆಯ ಮೇಲೆ ಮಾಸ್ಕ್ ಹಾಕಿ ಅದನ್ನು ಉಳಿಸಿದರೆ ಮುಗಿಯಿತು. ಹೊಳಪು ಹೋದರೆ ಕಣ್ಣು ಗೊಂಬೆಯದಾಗುತ್ತದೆ.

ಆದರೆ ಹೀಗೆ ಕಾಣುವುದು ಬೆಳಿಗ್ಗೆ ಹಚ್ಚಿಕೊಂಡು ಎದ್ದಾಗ. ಕಾಡಿಗೆ ಎಣ್ಣೆ-ಮೇಣದಲ್ಲಿ ಕಲಸಿದ ಕಪ್ಪು. ಒಳ ಅಂಚು ಸದಾ ಒದ್ದೆ. ಮೇಲೆ ಹೋಮದ ಹೊಗೆ, ಬೇಸಿಗೆಯ ಛತ್ರದ ಸೆಖೆ, ಕೊನೆಗೆ ಹೆಣ್ಣೊಪ್ಪಿಸುವ ಶಾಸ್ತ್ರದ ಅಳು. ಪ್ರಿವ್ಯೂ ಮಾಡುವವರು ಯಾರೂ ಮಾಡದ ಒಂದು ಲೇಯರ್ ನಾನು ಸೇರಿಸಿದೆ, ಹೆಸರು `kajal_2pm`. ಕೆಳರೆಪ್ಪೆಯ ಅಡಿಯಲ್ಲಿ ಅದೇ ಕಪ್ಪನ್ನು ಶೇ. 25ಕ್ಕೆ ಇಳಿಸಿ, ಹತ್ತು-ಹದಿನೈದು ಪಿಕ್ಸೆಲ್ ಕೆಳಕ್ಕೆ ಸವರಿದ್ದು. ಫೌಂಡೇಶನ್ ಕಷ್ಟಪಟ್ಟು 17ಕ್ಕೆ ಇಳಿಸಿದ್ದ ಆ ಅಂತರ ಒಂದೇ ಏಟಿಗೆ ಮೊದಲಿಗಿಂತ ಕೆಟ್ಟುಹೋಯಿತು. ನಾಲ್ಕು ದಿನ ನಿದ್ದೆಗೆಟ್ಟ ಮುಖ. ಅವಳು ಆ ಲೇಯರಿನ ಕಣ್ಣಿನ ಗುರುತನ್ನು ಆನ್-ಆಫ್, ಆನ್-ಆಫ್ ಮಾಡುತ್ತಾ ಸುಮಾರು ಹೊತ್ತು ಕೂತಿದ್ದಳು. ಆಮೇಲೆ, "ಕೆಳಗಡೆ ಒಳಗೆ ಬೇಡ ಅಣ್ಣಾ, ಮೇಲ್ಗಡೆ ಮಾತ್ರ ಹಚ್ಚಿಸ್ಕೋತೀನಿ" ಅಂದಳು. ಮೇಲಿನ ರೆಪ್ಪೆಯಲ್ಲಿ ಹರಡಿದರೂ ಅದು ಮಡಿಕೆಯ ನೆರಳಿನೊಳಗೆ ಸೇರಿಹೋಗುತ್ತದೆ.

ಈ ಫೈಲು ಹೇಳಲಾಗದ ಸಂಗತಿಯೊಂದಿದೆ: ಫ್ಲಾಷ್. ಟೈಟಾನಿಯಂ ಅಥವಾ ಝಿಂಕ್ ಆಕ್ಸೈಡ್ ಹೆಚ್ಚಿರುವ ಸನ್‌ಸ್ಕ್ರೀನ್, ಇಲ್ಲವೇ ಸಿಲಿಕಾ ಪುಡಿ ಹಚ್ಚಿದ ಮುಖಕ್ಕೆ ಎದುರಿನಿಂದ ಫ್ಲಾಷ್ ಬಿದ್ದರೆ, ಕಣ್ಣಿಗೆ ಸರಿಯಾಗಿ ಕಂಡದ್ದೂ ಫೋಟೋದಲ್ಲಿ ಸುಣ್ಣ ಬಳಿದಂತೆ ಬರುತ್ತದೆ. ಕಿಟಕಿ ಬೆಳಕಿನ ಫೋಟೋದಿಂದ ಅದನ್ನು ಲೆಕ್ಕ ಹಾಕುವ ದಾರಿಯಿಲ್ಲ, ಯಾವ ಲೇಯರೂ ಇಲ್ಲ. ಟ್ರಯಲ್ ದಿನ ದೀಪ ಆರಿಸಿ, ಫೋನಿನ ಫ್ಲಾಷ್ ಹಾಕಿ, ಕತ್ತೂ ಕೈಯೂ ಬರುವ ಹಾಗೆ ಎರಡು ಫೋಟೋ ತೆಗೆದು ನೋಡಬೇಕು. ಅವಳು ಮೊನ್ನೆ ತೆಗೆದು ಕಳಿಸಿದಳು. ಫೌಂಡೇಶನ್ ಪಾಸು. ಅದರ ಮೇಲೆ ಹಾಕಿದ್ದ ಬಿಳಿ ಸೆಟ್ಟಿಂಗ್ ಪೌಡರ್ ಕಣ್ಣ ಕೆಳಗೆ ಎರಡು ಬಿಳಿ ಅರ್ಧಚಂದ್ರ ಬಿಡಿಸಿತ್ತು. ಅದನ್ನು ವಾಪಸ್ ಕೊಟ್ಟು ಬೇರೆ ತರಲು ಈ ಶನಿವಾರ ಹೋಗ್ತಿದ್ದಾಳೆ, ಇಟ್ಟಿಗೆ ಬಣ್ಣದ ಬ್ಲಷ್ಷೂ ಅದೇ ಪಟ್ಟಿಯಲ್ಲಿದೆ.